ಇಪ್ಪತ್ತರ ಜಾಗದಲ್ಲಿ ಇಪ್ಪತ್ತೈದು

ಸಂಘದ ಇಸ್ಪೀಟು ಕೋಣೆಯಲ್ಲಿ ನಮ್ಮ ಅತ್ತೆಯನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ಆಕೆ ಎಂಬತ್ತಕ್ಕ. ರಮ್ಮಿಯಲ್ಲಿ ಯಾರಾದರೂ ಆಟ ಮುಗಿಯಿತೆಂದು ಎಲೆ ತೆರೆದಿಟ್ಟು ಅದು ತಪ್ಪು ಶೋ ಆದರೆ ಅವರ ಲೆಕ್ಕಕ್ಕೆ ಎಂಬತ್ತು ಬೀಳುತ್ತದೆ. ಒಂದು ಆಟದಲ್ಲಿ ಒಬ್ಬರ ತಲೆಗೆ ಬೀಳಬಹುದಾದ ಅತಿ ದೊಡ್ಡ ಹೊರೆ ಅದೇ. ಅದನ್ನು ಹೇಳುವಾಗ ಬೇರೆ ಯಾರೇ ಆಗಿದ್ದರೂ ಸ್ವಲ್ಪ ನಗುತ್ತಾರೆ, ಇಲ್ಲವೇ ಅಯ್ಯೋ ಪಾಪ ಅನ್ನುತ್ತಾರೆ. ಅತ್ತೆಯ ಮುಖದಲ್ಲಿ ಎರಡೂ ಕಾಣಿಸುವುದಿಲ್ಲ. ತರಕಾರಿಯವಳು ತೂಕ ಹೇಳಿದ ಹಾಗೆ ‘ಎಂಬತ್ತು’ ಎಂದು ಹೇಳಿ, ಗೋಡೆಯ ಕರಿಹಲಗೆಯ ಕಡೆ ತಿರುಗಿ ಸೀಮೆಸುಣ್ಣದಲ್ಲಿ ಬರೆಯುತ್ತಾಳೆ.

ಆ ಹೆಸರು ಬಿದ್ದದ್ದು ಒಬ್ಬ ನಿವೃತ್ತ ಮೇಷ್ಟ್ರಿಂದ. ಅವರು ಸಂಘಕ್ಕೆ ಹೊಸಬರಾಗಿ ಬಂದಾಗ ಒಂದು ದಿನ ಖುಷಿಯಿಂದ ಶೋ ಮಾಡಿದರು. ಜೋಕರ್ ಇಲ್ಲದೆ ಒಂದೇ ಬಣ್ಣದ ಎಲೆಗಳನ್ನು ಸಾಲಾಗಿ ಕೂಡಿಸಿದ ಶುದ್ಧ ಸೀಕ್ವೆನ್ಸ್ ಇತ್ತು, ಎರಡನೆಯ ಸೀಕ್ವೆನ್ಸೂ ಇತ್ತು. ಕೊನೆಯಲ್ಲಿ ಮೂರು ಒಂಬತ್ತುಗಳ ಒಂದು ಸೆಟ್. ಅತ್ತೆ ಆ ಮೂರು ಎಲೆಗಳನ್ನು ಬೆರಳಲ್ಲಿ ಬಿಡಿಸಿ ತೋರಿಸಿದಳು.

“ಮೇಷ್ಟ್ರೇ, ಇಸ್ಪೀಟ್ ಒಂಬತ್ತು ಒಂದು, ಕಳಾವರ್ ಒಂಬತ್ತು ಎರಡು.”

“ಮೂರೂ ಒಂಬತ್ತೇ ಅಲ್ವೇನಮ್ಮಾ?”

“ಒಂಬತ್ತೇ. ಆದ್ರೆ ಕಳಾವರ್ ಎರಡು ಸಲ ಬಂದಿದೆ. ಎರಡು ಪ್ಯಾಕ್ ಸೇರಿಸಿ ಆಡ್ತೀವಲ್ಲ, ಅವಳಿ ಎಲೆ ಬಂದೇ ಬರ್ತವೆ. ಅವಳಿಗಳನ್ನ ಒಂದೇ ಸೆಟ್ಟಲ್ಲಿ ಕೂರಿಸೋ ಹಾಗಿಲ್ಲ.”

“ನಮ್ ಸ್ಕೂಲಲ್ಲಿ ಅವಳಿಗಳನ್ನ ಒಂದೇ ಬೆಂಚಲ್ಲಿ ಕೂರಿಸ್ತಿದ್ವಲ್ಲಮ್ಮಾ!”

“ಎಂಬತ್ತು,” ಅಂದಳು ಅತ್ತೆ.

ಕೋಣೆಯೆಲ್ಲ ನಕ್ಕಿತು. ಮೇಷ್ಟ್ರು ಕೂಡ ನಕ್ಕರು. ಅಂದಿನಿಂದ ಆಕೆ ಎಂಬತ್ತಕ್ಕ.

ಅತ್ತೆ ಆ ಸಂಘಕ್ಕೆ ಬಂದದ್ದು ಚಹಾ ಮಾಡುವ ಕೆಲಸಕ್ಕೆ. ಎಲೆ ನೋಡಿ ಲೆಕ್ಕ ಬರೆಯುತ್ತಿದ್ದ ಹಳೆಯ ಮಾರ್ಕರ್‌ಗೆ ಕಣ್ಣು ಮಂಜಾಗುತ್ತ ಬಂದಾಗ ಅವರು ಎಲೆಗಳನ್ನು ಅತ್ತೆಯಿಂದ ಓದಿಸಿಕೊಳ್ಳುತ್ತಿದ್ದರು. ಓದುತ್ತ ಓದುತ್ತ ಆಕೆ ಎಣಿಸುವುದನ್ನು ಕಲಿತಳು. ರಾಜ, ರಾಣಿ, ಗುಲಾಮ, ಎಕ್ಕ, ಪ್ರತಿಯೊಂದಕ್ಕೂ ಹತ್ತು, ಉಳಿದವಕ್ಕೆ ಎಲೆಯ ಮೇಲಿನ ಅಂಕಿಯೇ ಬೆಲೆ, ಜೋಕರ್‌ಗೆ ಸೊನ್ನೆ. ಶುದ್ಧ ಸೀಕ್ವೆನ್ಸ್ ಒಂದಿಲ್ಲದಿದ್ದರೆ ಕೈಯಲ್ಲಿ ಎಷ್ಟು ಚೆಂದ ಜೋಡಿಸಿದ್ದರೂ ಎಲ್ಲ ಎಲೆಯೂ ಲೆಕ್ಕಕ್ಕೆ ಬರುತ್ತದೆ, ಎಂಬತ್ತು ದಾಟಿದರೆ ಎಂಬತ್ತಕ್ಕೇ ನಿಲ್ಲುತ್ತದೆ. ಹಳೆಯ ಮಾರ್ಕರ್ ಹೋದ ಮೇಲೆ ಸಂಘದವರು ಇನ್ನೊಬ್ಬರನ್ನು ಹುಡುಕಲಿಲ್ಲ. ಚಹಾದ ಪಾತ್ರೆಯನ್ನು ಬೇರೆಯವರಿಗೆ ಕೊಟ್ಟು ಅತ್ತೆಯ ಕೈಗೆ ಸೀಮೆಸುಣ್ಣ ಕೊಟ್ಟರು.

ಆಕೆಯ ಗಂಡ, ಅಂದರೆ ನಮ್ಮ ಮಾವ, ಟೈಲರ್. ಸಂಘದ ಹಿಂದಿನ ರಸ್ತೆಯಲ್ಲಿ ಒಂದು ಹೊಲಿಗೆ ಮಿಶನ್ ಹಿಡಿಯುವಷ್ಟು ಅಂಗಡಿ. ಹೊಸ ಬಟ್ಟೆ ಹೊಲಿಸುವವರು ಕಡಿಮೆಯಾಗಿ, ಪ್ಯಾಂಟ್ ಉದ್ದ ಕಡಿಮೆ ಮಾಡುವುದು, ಸೊಂಟ ಬಿಡಿಸುವುದು, ಜಿಪ್ ಬದಲಾಯಿಸುವುದು ಇಂಥವೇ ಹೆಚ್ಚು ಬರುತ್ತವೆ. ಮಾತು ಕಡಿಮೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೆಲಸ ಮಾಡಿ ಅಭ್ಯಾಸವಾಗಿ, ಸೂಜಿ ಇಲ್ಲದಾಗಲೂ ತುಟಿ ಬಿಚ್ಚುವುದಿಲ್ಲ ಎಂದು ಅತ್ತೆ ತಮಾಷೆ ಮಾಡುತ್ತಿದ್ದಳು.

ಮಾವನಿಗೆ ರಮ್ಮಿ ಚೆನ್ನಾಗಿ ಬರುತ್ತಿತ್ತು. ಇದು ಬಹಳ ಜನಕ್ಕೆ ಗೊತ್ತಿರಲಿಲ್ಲ. ಅವನು ಸಂಘದಲ್ಲಿ ಆಡುತ್ತಲೇ ಇರಲಿಲ್ಲ. ಹಿಂದೆ ಒಂದೆರಡು ಸಲ ಕೂತಿದ್ದಾಗ ಗೆದ್ದರೆ “ಟೈಲರ್‌ಗೇನು ಬಿಡಪ್ಪಾ, ಅಂಪೈರ್ ಮನೇಲೇ ಇದಾರೆ” ಅನ್ನುತ್ತಿದ್ದರು. ಸೋತರೆ “ಮನೇಲೂ ಸೋಲು, ಇಲ್ಲೂ ಸೋಲು” ಅನ್ನುತ್ತಿದ್ದರು. ಯಾರೂ ಕೆಟ್ಟ ಮನಸ್ಸಿನಿಂದ ಹೇಳುತ್ತಿರಲಿಲ್ಲ. ಆದರೂ ಮಾವ ಬರುವುದನ್ನು ಬಿಟ್ಟ. ವರ್ಷಕ್ಕೊಮ್ಮೆ ನಡೆಯುವ ಪಂದ್ಯಕ್ಕೂ ಹೆಸರು ಕೊಡುತ್ತಿರಲಿಲ್ಲ. ಆ ವರ್ಷ ಅವನ ಗೆಳೆಯ ಲೈನ್‌ಮನ್ ತಾನೇ ಹೋಗಿ ಹೆಸರು ಬರೆಸಿಬಿಟ್ಟ. ಮಾವ ಬೈದ, ಆದರೆ ಹೆಸರು ತೆಗೆಸಲಿಲ್ಲ.

ಹೆಸರು ಕೊಟ್ಟ ದಿನ ಮನೆಯಲ್ಲಿ ಅವನು ಅತ್ತೆಗೆ ಒಂದೇ ಮಾತು ಹೇಳಿದನಂತೆ. “ಫೈನಲ್ ಮೇಜಲ್ಲಿ ಒಂದ್ಸಲ ಕೂರ್ಬೇಕು ಕಣೇ. ಗೆಲ್ಲೋದು ಬಿಡು. ಹೆಂಡ್ತಿ ಕೂರಿಸಿದ್ಲು ಅನ್ನಬಾರದು, ಅಷ್ಟೇ.”

“ಅನ್ನೋ ಹಾಗೆ ನಾನು ಮಾಡಲ್ಲ ಬಿಡ್ರಿ,” ಅಂದಳಂತೆ ಅತ್ತೆ.

ನಮ್ಮ ಸಂಘದ ಪಂದ್ಯ ಮೂರು ಹಂತದ್ದು, ಮೂರು ಬಗೆಯ ರಮ್ಮಿ. ಹೊಸಬರಿಗೆ ಅತ್ತೆ ಅದನ್ನು ಹೀಗೆ ತಿಳಿಸುತ್ತಿದ್ದಳು: “ಮೊದಲನೇದು ಪಾಯಿಂಟ್ಸು. ಒಂದು ಕೈ ಆಡಿದ್ರೆ ಒಂದು ಆಟ ಮುಗೀತು. ಗೆದ್ದೋರಿಗೆ ಸೊನ್ನೆ, ಸೋತೋರಿಗೆ ಕೈಲಿ ಉಳಿದ ಎಲೆಯಷ್ಟು ಪಾಯಿಂಟು. ಹೊರಗಡೆ ದುಡ್ಡಿಗೆ ಆಡೋರು ಪಾಯಿಂಟಿಗಿಷ್ಟು ಅಂತ ಕಟ್ಕೋತಾರೆ. ನಮ್ಮಲ್ಲಿ ದುಡ್ಡಿಲ್ಲ, ಯಾರಿಗೆ ಕಮ್ಮಿ ಪಾಯಿಂಟೋ ಅವರು ಮುಂದಕ್ಕೆ. ಎರಡನೇದು ಪೂಲು. ಇದರಲ್ಲಿ ಪಾಯಿಂಟು ಅಳಿಸಿ ಹೋಗಲ್ಲ, ಕೈಯಿಂದ ಕೈಗೆ ಕೂಡ್ತಾ ಹೋಗುತ್ತೆ. ನೂರೊಂದರ ಪೂಲಲ್ಲಿ ನೂರೊಂದು ಮುಟ್ಟಿದೋರು ಔಟು. ಮೂರನೇದು ಡೀಲ್ಸು. ಇಬ್ಬರೇ. ಇಷ್ಟೇ ಕೈ ಅಂತ ಮೊದಲೇ ಗೊತ್ತು. ಇಬ್ಬರಿಗೂ ಸಮ ಚಿಪ್ಸು. ಸೋತೋನು ತನ್ನ ಪಾಯಿಂಟಿನಷ್ಟು ಚಿಪ್ಸ್ ಗೆದ್ದೋನಿಗೆ ಕೊಡ್ಬೇಕು. ಕೊನೇಲಿ ಯಾರ ಮುಂದೆ ರಾಶಿ ದೊಡ್ಡದೋ ಅವರದ್ದು ಬಹುಮಾನದ ಕಪ್ಪು.”

ಮೊದಲೆರಡು ಹಂತಕ್ಕೆ ಎರಡು ಪ್ಯಾಕ್ ಸೇರಿಸಿ ಕಲಸುತ್ತಿದ್ದರು, ಅದರಲ್ಲಿ ಕೋಡಂಗಿಯ ಚಿತ್ರದ ಅಚ್ಚಿನ ಜೋಕರ್ ಎರಡು. ಇಬ್ಬರೇ ಆಡುವ ಡೀಲ್ಸ್‌ಗೆ ನಮ್ಮ ಸಂಘದಲ್ಲಿ ಒಂದೇ ಪ್ಯಾಕ್, ಒಂದೇ ಅಚ್ಚಿನ ಜೋಕರ್. ಇದಲ್ಲದೆ ಪ್ರತಿ ಕೈಯಲ್ಲೂ ಒಂದು ಎಲೆ ಎತ್ತಿ ಕಟ್ ಜೋಕರ್ ಗೊತ್ತು ಮಾಡುತ್ತಾರೆ. ಏಳು ಬಂದರೆ ಏಳುಗಳೆಲ್ಲ ಜೋಕರ್, ಯಾವ ಎಲೆಯ ಬದಲಿಗೂ ನಿಲ್ಲುತ್ತವೆ.

ಇಷ್ಟೆಲ್ಲ ಅತ್ತೆಗೆ ನಿದ್ದೆಗಣ್ಣಲ್ಲೂ ಗೊತ್ತಿತ್ತು. ಆದರೆ ಒಂದು ಕಡೆ ಕಾಲು ಜಾರುವ ಜಾಗವಿತ್ತು. ದಿನನಿತ್ಯ ಸಂಘದಲ್ಲಿ ಆಡುತ್ತಿದ್ದುದು ಇನ್ನೂರೊಂದರ ಪೂಲ್. ನಿವೃತ್ತರಿಗೆ ಹೊತ್ತು ಹೋಗಬೇಕಲ್ಲ, ಉದ್ದದ ಆಟವೇ ಇಷ್ಟ. ಪಂದ್ಯದಲ್ಲಿ ಮಾತ್ರ ಬೇಗ ಮುಗಿಯಲೆಂದು ನೂರೊಂದು. ಎಲೆ ಚೆನ್ನಾಗಿ ಬಾರದಿದ್ದರೆ ಆಡದೆ ಕೆಳಗಿಡಬಹುದು, ಅದಕ್ಕೆ ಡ್ರಾಪ್ ಅನ್ನುತ್ತಾರೆ. ಇನ್ನೂರೊಂದರಲ್ಲಿ ಮೊದಲ ಸರದಿಗೇ ಡ್ರಾಪ್ ಮಾಡಿದರೆ ಇಪ್ಪತ್ತೈದು ಪಾಯಿಂಟು, ನಡುವೆ ಮಾಡಿದರೆ ಐವತ್ತು. ನೂರೊಂದರಲ್ಲಿ ಇಪ್ಪತ್ತು ಮತ್ತು ನಲವತ್ತು. ವರ್ಷವೆಲ್ಲ ಅತ್ತೆಯ ನಾಲಿಗೆ ಇಪ್ಪತ್ತೈದು, ಐವತ್ತು ಎಂದೇ ಹೇಳಿ ಹೇಳಿ ಹದವಾಗಿತ್ತು.

ಮಾವ ಪಾಯಿಂಟ್ಸ್ ಹಂತವನ್ನು ಸದ್ದಿಲ್ಲದೆ ದಾಟಿದ. ಆ ಮೇಜಿಗೆ ಬೇರೆಯವರು ಲೆಕ್ಕ ಬರೆದಿದ್ದರು. ಪೂಲ್ ಹಂತದ ಭಾನುವಾರ ಮಧ್ಯಾಹ್ನ ಉಳಿದದ್ದು ಒಂದೇ ಮೇಜು, ಲೆಕ್ಕ ಅತ್ತೆಯದೇ. ಆರು ಜನರಲ್ಲಿ ಇಬ್ಬರು ಔಟ್ ಆಗಿ ನಾಲ್ವರು ಉಳಿದರು. ಮಾವ, ಲೈನ್‌ಮನ್, ಅದೇ ಮೇಷ್ಟ್ರು, ಮತ್ತೆ ಮೆಡಿಕಲ್ ಶಾಪಿನ ಸಾಹುಕಾರರು. ಇನ್ನಿಬ್ಬರು ಔಟ್ ಆದರೆ ಕೊನೆಗುಳಿದ ಇಬ್ಬರು ಫೈನಲ್‌ಗೆ. ಗೋಡೆ ಪಕ್ಕದ ಬೆಂಚುಗಳಲ್ಲಿ ನೋಡುವವರು ತುಂಬಿದ್ದರು.

ಕರಿಹಲಗೆಯ ಮೇಲೆ ಆಗ ಹೀಗಿತ್ತು: ಲೈನ್‌ಮನ್ ನಲವತ್ತನಾಲ್ಕು, ಸಾಹುಕಾರರು ಐವತ್ತೊಂದು, ಮೇಷ್ಟ್ರು ಅರವತ್ತೆರಡು, ಮಾವ ಎಪ್ಪತ್ತೆಂಟು.

ಬೆಂಚಿನಿಂದ ಯಾರೋ ಕೂಗಿದರು. “ಎಂಬತ್ತಕ್ಕಾ, ಸೀಮೆಸುಣ್ಣ ಬಿಗಿಯಾಗಿ ಹಿಡ್ಕೊಳ್ಳಿ. ಯಜಮಾನ್ರು ಅಂಚಿಗೆ ಬಂದವ್ರೆ!”

“ಎಂಬತ್ತಕ್ಕನ ಕೈಲಿ ಎಂಟು ಮೂರಾಗಿ ಕಾಣಿಸ್ಬೌದು ಇವತ್ತು,” ಅಂದರು ಇನ್ನೊಬ್ಬರು.

ಬೆಳಗಿನಿಂದ ಇಂಥ ಮಾತು ಕೇಳಿ ಕೇಳಿ ಅತ್ತೆಯ ಕಿವಿಯ ಹಿಂದೆ ಬಿಸಿಯೇರಿತ್ತು. ಮಾವನ ಕಡೆ ಒಮ್ಮೆಯೂ ನೋಡಿರಲಿಲ್ಲ. ನೋಡಿದರೆ ಸನ್ನೆ ಮಾಡಿದಳು ಅಂದಾರು. ಅವನ ಲೋಟಕ್ಕೆ ನೀರು ಮುಗಿದಾಗಲೂ ಬೇರೆಯವರ ಕೈಯಲ್ಲಿ ಹಾಕಿಸಿದ್ದಳು.

ಹೊಸ ಕೈ ಹಂಚಿದರು. ಮಾವ ತನ್ನ ಹದಿಮೂರು ಎಲೆಗಳನ್ನು ಎಡದಿಂದ ಬಲಕ್ಕೆ ನೋಡಿದ, ಬಲದಿಂದ ಎಡಕ್ಕೆ ನೋಡಿದ. ದೊಡ್ಡ ಎಲೆಗಳೇ ಹೆಚ್ಚು, ಒಂದಕ್ಕೊಂದು ಸಂಬಂಧವಿಲ್ಲ, ಜೋಕರ್ ಒಂದೂ ಇಲ್ಲ. ಸ್ವಲ್ಪ ಹೊತ್ತು ಯೋಚಿಸಿದ. ಸರದಿ ಬಂದಾಗ ಎಲೆ ಎತ್ತದೆ, ಕೈಯಲ್ಲಿದ್ದುದನ್ನು ಮಡಿಸಿ ಮೇಜಿನ ಮೇಲಿಟ್ಟ.

“ಡ್ರಾಪ್.”

“ಇಪ್ಪತ್ತೈದು,” ಅಂದಳು ಅತ್ತೆ. ಹಲಗೆಯ ಕಡೆ ತಿರುಗಿದಳು. “ಎಪ್ಪತ್ತೆಂಟು, ಇಪ್ಪತ್ತೈದು. ನೂರಮೂರು. ಔಟ್.”

ಮಾವ ತಲೆಯೆತ್ತಿದ.

“ಇಪ್ಪತ್ತಲ್ವೇನೇ?” ಅಂದ, ಮೆಲ್ಲಗೆ.

ಆಗ ಅತ್ತೆ ಒಂದು ಸಲ ಅಂಕಿ ನೋಡಿದ್ದರೆ ಸಾಕಿತ್ತು. ಆದರೆ ಆಕೆಗೆ ಕೇಳಿಸಿದ್ದು ಅಂಕಿಯ ಮಾತಲ್ಲ. ಗಂಡ ಎಲ್ಲರೆದುರು ತನ್ನನ್ನು ಏನೋ ಕೇಳುತ್ತಿದ್ದಾನೆ, ಬೆಂಚಿನವರೆಲ್ಲ ತಾನು ಏನು ಕೊಡುತ್ತೇನೆಂದು ನೋಡುತ್ತಿದ್ದಾರೆ, ಅಷ್ಟೇ ಕೇಳಿಸಿತು.

“ಗಂಡ ಅಂತ ಐದು ಕಮ್ಮಿ ಬರೀಲಾ?” ಅಂದಳು, ಎಲ್ಲರಿಗೂ ಕೇಳುವ ಹಾಗೆ. “ಮನೇಲಿ ಕೇಳ್ರಿ, ಒಂದು ತುತ್ತು ಜಾಸ್ತಿ ಬಡಿಸ್ತೀನಿ. ಇಲ್ಲಿ ಕೇಳ್ಬೇಡಿ.”

ಬೆಂಚುಗಳು ಹೋ ಎಂದವು. ಯಾರೋ ಶಿಳ್ಳೆ ಹಾಕಿದರು. “ಇದಪ್ಪಾ ನ್ಯಾಯ ಅಂದ್ರೆ!” ಅಂದರು. ಅತ್ತೆಯ ಮನಸ್ಸಿಗೂ ಆ ಗಳಿಗೆಯಲ್ಲಿ ಒಂದು ಬಗೆಯ ಹಗುರವಾಯಿತು. ಬೆಳಗಿನಿಂದ ಹೊತ್ತಿದ್ದುದನ್ನು ಇಳಿಸಿದ ಹಾಗೆ.

ಮಾವನ ಮುಖ ಕುತ್ತಿಗೆಯಿಂದ ಮೇಲಕ್ಕೆ ಕೆಂಪಾಯಿತು. ಕುರ್ಚಿ ಸದ್ದಾಗದ ಹಾಗೆ ಹಿಂದಕ್ಕೆ ತಳ್ಳಿ ಎದ್ದು, ಯಾರನ್ನೂ ತಾಗದೆ ಬೆಂಚುಗಳ ನಡುವೆ ದಾರಿ ಮಾಡಿಕೊಂಡು ಹೊರಗೆ ಹೋದ.

ಆಟ ಮುಂದುವರಿಯಿತು. ಮುಂದಿನ ಸರದಿ ಸಾಹುಕಾರರದು. ಅವರು ಕನ್ನಡಕ ಏರಿಸಿ, ಎಲೆ ನೋಡಿ, ಅವರೂ ಕೆಳಗಿಟ್ಟರು.

“ಡ್ರಾಪ್.”

“ಇಪ್ಪತ್ತೈದು,” ಅಂದಳು ಅತ್ತೆ.

“ಇಪ್ಪತ್ತು ಅಕ್ಕಾ,” ಅಂದರು ಸಾಹುಕಾರರು. “ಇದು ನೂರೊಂದರ ಆಟ.”

ಸೀಮೆಸುಣ್ಣ ಹಲಗೆಯ ಮೇಲೆ ಅರ್ಧ ಎರಡು ಬರೆದು ಅಲ್ಲೇ ನಿಂತಿತು.

ಬಾಣಲೆಗೆ ಸಕ್ಕರೆ ಬದಲು ಉಪ್ಪು ಹಾಕಿದ ಮೇಲೆ ಡಬ್ಬಿ ನೋಡಿದವಳ ಹಾಗಾಯಿತು ಆಕೆಗೆ. ಔಟ್ ಮಾಡುವ ಗಡಿಯನ್ನು ನೂರೊಂದರ ಆಟದಿಂದ ತೆಗೆದುಕೊಂಡಿದ್ದಳು, ಡ್ರಾಪಿನ ಪಾಯಿಂಟನ್ನು ಇನ್ನೂರೊಂದರ ಆಟದಿಂದ. ಪೂರ್ತಿ ಆ ಆಟದ ಲೆಕ್ಕವಾದರೆ ನೂರಮೂರಕ್ಕೆ ಯಾರೂ ಔಟಲ್ಲ. ಪೂರ್ತಿ ಈ ಆಟದ ಲೆಕ್ಕವಾದರೆ ಮಾವನದು ತೊಂಬತ್ತೆಂಟು. ಎರಡರಲ್ಲೂ ಅವನು ಔಟಾಗುವುದಿಲ್ಲ. ಎರಡನ್ನೂ ಕಲಸಿದರೆ ಮಾತ್ರ ಆಗುತ್ತಾನೆ.

“ಹೂಂ, ಇಪ್ಪತ್ತು,” ಅಂದಳು. ಸಾಹುಕಾರರ ಐವತ್ತೊಂದನ್ನು ಎಪ್ಪತ್ತೊಂದು ಮಾಡಿದಳು. ಅದರ ಪಕ್ಕದಲ್ಲೇ ಮಾವನ ನೂರಮೂರು ಹಾಗೇ ಇತ್ತು. ಅದನ್ನು ಮುಟ್ಟಲು ಆಕೆಗೆ ಕೈ ಬರಲಿಲ್ಲ. ಹಿಂದಿನಿಂದ ಎಲ್ಲರೂ ಆ ಎರಡು ಅಂಕಿಗಳನ್ನೇ ನೋಡುತ್ತಿದ್ದಾರೆ ಎಂದು ಬೆನ್ನಿಗೆ ಗೊತ್ತಾಗುತ್ತಿತ್ತು. ಮೇಷ್ಟ್ರು ತಮ್ಮ ಎಲೆಗಳನ್ನು ಸುಮ್ಮನೆ ಅತ್ತಿತ್ತ ಬದಲಿಸುತ್ತ ಕೂತರು.

ಲೈನ್‌ಮನ್ ಮಾತ್ರ ಸಾಹುಕಾರರ ಕಡೆ ತಿರುಗಿದ. “ಮಾವಂದು ಬರೆದಾಗ್ಲೇ ಗೊತ್ತಿತ್ತಾ ನಿಮಗೆ?” ಸಂಘದಲ್ಲಿ ಅವನೂ ಟೈಲರನ್ನು ಮಾವ ಎಂದೇ ಕರೆಯುತ್ತಿದ್ದ.

“ಅಂಪೈರ್ ಹೇಳಿದ್ಮೇಲೆ ನಾವ್ಯಾರು ಕೇಳೋಕೆ,” ಅಂದರು ಅವರು.

“ನಿಮ್ಮದಾದ್ರೆ ಕೇಳಿದ್ರಲ್ಲ.”

“ನೀನೂ ಇಲ್ಲೇ ಕೂತಿದ್ಯಲ್ಲಪ್ಪಾ. ಬಾಯಲ್ಲಿ ಫ್ಯೂಸ್ ಹಾರೋಗಿತ್ತಾ?”

ಲೈನ್‌ಮನ್ ತಲೆ ತಗ್ಗಿಸಿದ. ಅವನಿಗೂ ಗೊತ್ತಿತ್ತು. ಎಲ್ಲರೂ ನಕ್ಕಾಗ ಅವನೂ ನಕ್ಕಿದ್ದ.

ಆ ಕೈಯನ್ನು ಲೈನ್‌ಮನ್ ಗೆದ್ದ. ಮೇಷ್ಟ್ರಿಗೆ ಏಳು ಬಿದ್ದು ಅರವತ್ತೊಂಬತ್ತಾಯಿತು. ಅತ್ತೆ ಅದನ್ನು ಬರೆದು, ಕೈಯ ಸುಣ್ಣವನ್ನು ಸೆರಗಿಗೆ ಒರೆಸಿಕೊಂಡಳು.

“ಒಂದ್ನಿಮಿಷ,” ಅಂದಳು. “ಟೈಲರ್‌ಗೆ ರಿಜಾಯಿನ್ ಇದೆ. ಕರ್ಕೊಂಡು ಬರ್ತೀನಿ.”

ರಿಜಾಯಿನ್ ಪೂಲ್ ಆಟದ್ದೇ ಒಂದು ನಿಯಮ. ಔಟ್ ಆದವನು ಒಂದು ಸಲ ಮರಳಿ ಬರಬಹುದು, ಆದರೆ ಉಳಿದವರಲ್ಲಿ ಯಾರದೂ ಎಪ್ಪತ್ತೊಂಬತ್ತು ದಾಟಿರಬಾರದು. ಉಳಿದವರಲ್ಲಿ ಅತಿ ಹೆಚ್ಚು ಯಾರಿಗಿದೆಯೋ ಅದಕ್ಕಿಂತ ಒಂದು ಹೆಚ್ಚು ಅವನ ಲೆಕ್ಕ. ಆಗ ಅತಿ ಹೆಚ್ಚು ಸಾಹುಕಾರರ ಎಪ್ಪತ್ತೊಂದು. ಮಾವ ಮರಳಿದರೆ ಅವನದು ಎಪ್ಪತ್ತೆರಡು. ಅತ್ತೆಯ ಮನಸ್ಸು ಹಲಗೆಯ ಮುಂದೆ ನಿಂತಲ್ಲೇ ಈ ದಾರಿಯನ್ನು ಹುಡುಕಿಬಿಟ್ಟಿತ್ತು. ತಪ್ಪಾಯಿತು ಎಂದು ಹೇಳಬೇಕಾಗಿಲ್ಲ. ಗಂಡನಿಗೂ ನಷ್ಟವಿಲ್ಲ, ನಿಜವಾದ ಲೆಕ್ಕಕ್ಕಿಂತ ಇಪ್ಪತ್ತಾರು ಕಡಿಮೆ. ನಿಯಮವೂ ತಪ್ಪುವುದಿಲ್ಲ.

ಮಾವ ಸಂಘದ ಮೆಟ್ಟಿಲ ಕೆಳಗೆ ಸೈಕಲ್ ಸ್ಟ್ಯಾಂಡಿನ ಹತ್ತಿರ ನಿಂತಿದ್ದ. ಬೀಗ ತೆಗೆದಿದ್ದ, ಸೈಕಲ್ ಹೊರಗೆ ಎಳೆದಿರಲಿಲ್ಲ.

“ರೀ, ಒಳಗೆ ಬನ್ನಿ. ರಿಜಾಯಿನ್ ಆಗಿ.”

ಅವನು ಆಕೆಯ ಕಡೆ ತಿರುಗಲಿಲ್ಲ. “ಎಷ್ಟಕ್ಕೆ?”

“ಎಪ್ಪತ್ತೆರಡಕ್ಕೆ.”

“ಸಾಹುಕಾರ್ರೂ ಡ್ರಾಪ್ ಮಾಡಿದ್ರಾ?”

“ಹೂಂ.”

“ಅವರಿಗೆ ಎಷ್ಟು ಬರೆದೆ?”

ಅತ್ತೆ ಸ್ಟ್ಯಾಂಡಿನ ಕಬ್ಬಿಣದ ಕಂಬಿ ಹಿಡಿದುಕೊಂಡಳು.

“ಇಪ್ಪತ್ತು,” ಅಂದಳು ಕೊನೆಗೆ.

ಮಾವ ತಲೆಯಾಡಿಸಿದ. ಅವನಿಗೆ ಸಿಟ್ಟು ಬಂದಿರಲಿಲ್ಲ, ಅದೇ ಆಕೆಗೆ ಕಷ್ಟವಾಯಿತು.

“ನಾನು ಎಪ್ಪತ್ತೆಂಟರಲ್ಲಿದ್ದೆ ಕಣೇ. ಇಪ್ಪತ್ತೈದು ಬೀಳುತ್ತೆ ಅಂತಿದ್ರೆ ಎಲೆ ಯಾಕೆ ಕೆಳಗಿಡ್ತಿದ್ದೆ? ಔಟ್ ಆಗೋಕೆ ಯಾರಾದ್ರೂ ಡ್ರಾಪ್ ಮಾಡ್ತಾರಾ? ಅಷ್ಟು ಯೋಚನೆ ನಿನಗೆ ಬರ್ಲಿಲ್ವಾ?”

“ಬರ್ಲಿಲ್ಲ ರೀ.”

“ಪೆದ್ದ ಅಂದ್ಕೊಂಡ್ಯಾ?”

“ಇಲ್ಲ.”

“ಕೇಳಿ ಇಸ್ಕೊಳ್ಳೋನು ಅಂದ್ಕೊಂಡೆ.”

ಅದಕ್ಕೆ ಅತ್ತೆಯ ಬಾಯಲ್ಲಿ ಇಲ್ಲ ಅನ್ನುವ ಮಾತು ಬರಲಿಲ್ಲ. ಆ ಗಳಿಗೆಯಲ್ಲಿ ಹಾಗೆಯೇ ಅಂದುಕೊಂಡಿದ್ದಳು. ಇಷ್ಟು ವರ್ಷ ಜೊತೆಗಿದ್ದು, ಒಬ್ಬರಿಂದಲೂ ಒಂದು ಗುಂಡಿಯನ್ನೂ ಹೆಚ್ಚಿಗೆ ತೆಗೆದುಕೊಳ್ಳದ ಮನುಷ್ಯನನ್ನು, ಬೆಂಚಿನವರು ಹೇಗೆ ನೋಡುತ್ತಿದ್ದರೋ ಹಾಗೆಯೇ ನೋಡಿದ್ದಳು.

“ಬನ್ನಿ ರೀ. ಎಪ್ಪತ್ತೆರಡು ಅಂದ್ರೆ ಒಳ್ಳೇದೇ ಅಲ್ವಾ. ಇನ್ನೂ ಒಂದು ಡ್ರಾಪ್ ಮಾಡೋಕೆ ಜಾಗ ಇರುತ್ತೆ.”

“ನನಗೆ ಎಪ್ಪತ್ತೆರಡು ಬೇಡ. ತೊಂಬತ್ತೆಂಟು ಕೊಡು.”

“ತೊಂಬತ್ತೆಂಟು ಅಂದ್ರೆ ಮೂರು ಪಾಯಿಂಟ್ ಬಿದ್ರೂ ಹೋಗ್ತೀರಿ. ಡ್ರಾಪಿಗೂ ಜಾಗ ಇಲ್ಲ.”

“ಹೋದ್ರೆ ಆಡಿ ಹೋಗ್ತೀನಿ. ರಿಜಾಯಿನ್ ಅನ್ನೋದು ಔಟ್ ಆದೋನಿಗೆ. ನಾನು ಔಟ್ ಆಗಿಲ್ಲ.” ಸ್ವಲ್ಪ ತಡೆದು ಹೇಳಿದ, “ಎಪ್ಪತ್ತೆರಡಕ್ಕೆ ಕೂತ್ರೆ ನಾಳೆಯಿಂದ ಏನಂತಾರೆ? ಹೆಂಡ್ತಿ ಆಚೆ ಹಾಕಿದ್ಲು, ಹೆಂಡ್ತೀನೇ ಒಳಗೆ ಕರ್ಕೊಂಡ್ಲು, ಇಪ್ಪತ್ತಾರು ಲಾಭಾನೂ ಮಾಡ್ಕೊಟ್ಲು ಅಂತಾರೆ.”

ಅತ್ತೆ ಮೆಟ್ಟಿಲು ಹತ್ತಿದಳು. ತನ್ನ ಹಿಂದೆ ಅವನು ಬರುತ್ತಿದ್ದಾನೋ ಇಲ್ಲವೋ ತಿರುಗಿ ನೋಡಲಿಲ್ಲ. ಆಕೆ ನೆಟ್ಟಗೆ ಹಲಗೆಯ ಹತ್ತಿರ ಹೋಗಿ, ಒರೆಸುವ ಬಟ್ಟೆ ಕಾಣದೆ ಅಂಗೈಯಿಂದಲೇ ನೂರಮೂರನ್ನು ಉಜ್ಜಿದಳು. ಅದು ಪೂರ್ತಿ ಹೋಗಲಿಲ್ಲ, ಮಸುಕಾಗಿ ಹರಡಿತು. ಅದರ ಮೇಲೆಯೇ ತೊಂಬತ್ತೆಂಟು ಬರೆದಳು. ಆಮೇಲೆ ತಿರುಗಿದಳು.

“ನಾನು ತಪ್ಪು ಬರೆದೆ,” ಅಂದಳು. ಬೆಂಚುಗಳಿಗೂ ಕೇಳಲೆಂದು ಮತ್ತೊಮ್ಮೆ ಹೇಳಿದಳು. “ನೂರೊಂದರ ಪೂಲಲ್ಲಿ ಮೊದಲ ಡ್ರಾಪಿಗೆ ಇಪ್ಪತ್ತು. ನಾನು ಇನ್ನೂರೊಂದರದ್ದು ಹಾಕ್ದೆ. ಅವರು ಔಟ್ ಆಗಿರ್ಲಿಲ್ಲ. ಅವರು ನನ್ನ ಹತ್ರ ಏನೂ ಕಮ್ಮಿ ಮಾಡು ಅಂತ ಕೇಳ್ಲಿಲ್ಲ. ಇರೋದನ್ನ ಹೇಳಿದ್ರು. ನಾನು ಆಡಿದ ಮಾತು…” ಅಲ್ಲಿಗೆ ನಿಂತಳು. ಆ ಮಾತನ್ನು ಮತ್ತೆ ಬಾಯಲ್ಲಿ ತರುವುದು ಆಗಲಿಲ್ಲ. “ಆ ಮಾತು ಆಡಬಾರದಿತ್ತು.”

ಬೆಂಚಿನಲ್ಲಿ ಯಾರೋ ಕೆಮ್ಮಿದರು. ಶಿಳ್ಳೆ ಹಾಕಿದವರು ಕಿಟಕಿಯ ಕಡೆ ನೋಡಿದರು. ಸಾಹುಕಾರರು, “ಅಯ್ಯೋ, ರಿಜಾಯಿನ್ನಿಗಿಂತ ಇದೇ ನಮಗೆ ವಾಸಿ ಬಿಡಿ. ತೊಂಬತ್ತೆಂಟಾದ್ರೆ ಒಂದು ಕೈಲಿ ಹೋಗ್ತಾರೆ,” ಎಂದು ನಗಿಸಲು ನೋಡಿದರು. ಯಾರೂ ನಗಲಿಲ್ಲ. ಮಾವ ಬಂದು ತನ್ನ ಕುರ್ಚಿಯಲ್ಲಿ ಕೂತ.

ಮುಂದಿನ ಕೈಗೆ ಕಟ್ ಜೋಕರ್ ಎತ್ತಿದಾಗ ಅಚ್ಚಿನ ಜೋಕರೇ ಬಂತು. ಮೇಷ್ಟ್ರು, “ಈಗ ಯಾವುದಮ್ಮಾ ಜೋಕರ್?” ಎಂದು ಕೇಳಿದರು.

“ಎಕ್ಕಗಳು ಮೇಷ್ಟ್ರೇ. ಅಚ್ಚಿನ ಜೋಕರ್ ಕಟ್ ಆದ್ರೆ ನಾಲ್ಕು ಬಣ್ಣದ ಎಕ್ಕಾನೂ ಜೋಕರ್.” ಹೇಳಿದ ಮೇಲೆ ಅತ್ತೆ ಮೇಜಿನವರ ಮುಖ ನೋಡಿದಳು. “ಸರಿ ತಾನೇ?” ಎಂದು ಕೇಳಿದಳು. ಹಾಗೆ ಆಕೆ ಕೇಳಿದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಮೇಷ್ಟ್ರೇ ಮುಜುಗರಪಟ್ಟು, “ಸರಿ ಸರಿ,” ಅಂದರು.

ಮಾವನ ಕೈಯಲ್ಲಿ ಎರಡು ಎಕ್ಕಗಳಿದ್ದವು. ಅವನು ಅವಸರ ಮಾಡಲಿಲ್ಲ. ಮೊದಲು ಜೋಕರ್ ಮುಟ್ಟದೆ ಹಾರ್ಟಿನ ಐದು, ಆರು, ಏಳು ಕೂಡಿಸಿಕೊಂಡ. ಆಮೇಲೆ ಎಕ್ಕಗಳನ್ನು ತೂತಿರುವ ಕಡೆ ತೇಪೆಯಂತೆ ಹಚ್ಚಿ ಶೋ ಮಾಡಿದ. ಅತ್ತೆ ಬಂದು ಒಂದೊಂದೇ ಎಲೆ ನೋಡಿದಳು. ಶುದ್ಧ ಸೀಕ್ವೆನ್ಸ್ ಇತ್ತು, ಎರಡನೆಯದೂ ಇತ್ತು, ಸೆಟ್ಟುಗಳಲ್ಲಿ ಅವಳಿಗಳಿರಲಿಲ್ಲ. “ಸರಿ ಇದೆ,” ಅಂದಳು. ಸಾಹುಕಾರರ ಕೈಯಲ್ಲಿ ಮೂವತ್ತನಾಲ್ಕು ಸಿಕ್ಕಿ ಅವರು ನೂರೈದಾಗಿ ಔಟ್ ಆದರು. ಮೇಷ್ಟ್ರು ಎಂಬತ್ತೊಂದು, ಲೈನ್‌ಮನ್ ಅರವತ್ತೊಂಬತ್ತು. ಮಾವ ತೊಂಬತ್ತೆಂಟರಲ್ಲೇ ನಿಂತ. ಬೆಂಚಿನವರು ಚಪ್ಪಾಳೆ ತಟ್ಟಿದರು. ಸ್ವಲ್ಪ ಜೋರಾಗಿಯೇ ತಟ್ಟಿದರು.

ಇನ್ನೊಬ್ಬರು ಔಟ್ ಆಗಬೇಕಿತ್ತು. ಮಾವನಿಗೆ ಮುಂದಿನ ಕೈ ಕೂಡ ಕೆಟ್ಟದಾಗಿ ಬರಲಿಲ್ಲ. ಹನ್ನೊಂದು ಎಲೆ ಜೋಡಿಸಿಕೊಂಡಿದ್ದ, ಎರಡು ಬಿಡಿ ಉಳಿದಿದ್ದವು. ಅಷ್ಟರಲ್ಲಿ ಲೈನ್‌ಮನ್ ಶೋ ಮಾಡಿದ. ಮಾಡಿ ಮಾವನ ಮುಖ ನೋಡಲಾರದೆ ಕೂತ. ಮೇಷ್ಟ್ರಿಗೆ ಒಂಬತ್ತು ಬಿತ್ತು, ತೊಂಬತ್ತಾಯಿತು.

ಮಾವ ತನ್ನ ಎಲೆಗಳನ್ನು ತಾನೇ ಬಿಡಿಸಿಟ್ಟ. ಉಳಿದಿದ್ದವು ಒಂದು ನಾಲ್ಕು, ಒಂದು ಎರಡು.

“ಆರು,” ಅಂದಳು ಅತ್ತೆ. ಕೂಡಿಸಿದಳು. ಬೆರಳು ಮಡಿಸಿ ಮತ್ತೊಮ್ಮೆ ಕೂಡಿಸಿದಳು. “ತೊಂಬತ್ತೆಂಟು, ಆರು. ನೂರನಾಲ್ಕು.”

ಅದರ ಮುಂದಿನ ಒಂದು ಪದ ಬಾಕಿಯಿತ್ತು. ಅದು ಆಕೆಯ ಬಾಯಿಂದ ಹೊರಡಲಿಲ್ಲ. ಎಲ್ಲರೂ ಕಾದರು. ಸೀಮೆಸುಣ್ಣದ ತುದಿ ಹಲಗೆಯ ಮೇಲೆ ಒಂದೇ ಜಾಗದಲ್ಲಿ ಒತ್ತಿ ಒತ್ತಿ ಪುಡಿಯಾಗುತ್ತಿತ್ತು.

“ಹೇಳು,” ಅಂದ ಮಾವ. “ಬೇರೆಯೋರಿಗೆ ಹೇಳ್ತೀಯಲ್ಲ, ಹಾಗೇ ಹೇಳು.”

“ಔಟ್,” ಅಂದಳು ಅತ್ತೆ.

ಮಾವ ಎದ್ದು ಲೈನ್‌ಮನ್ ಬೆನ್ನು ತಟ್ಟಿದ, ಮೇಷ್ಟ್ರ ಕೈ ಕುಲುಕಿದ. ಬಾಗಿಲ ಕಡೆ ಹೋಗುತ್ತಾನೆ ಎಂದು ಜನ ದಾರಿ ಬಿಟ್ಟರು. ಅವನು ಹೋಗಲಿಲ್ಲ. ಬೆಂಚಿನ ಮೇಲೆ, ಶಿಳ್ಳೆ ಹಾಕಿದವರ ಪಕ್ಕದಲ್ಲೇ ಜಾಗ ಮಾಡಿಸಿಕೊಂಡು ಕೂತ. “ಚೆನ್ನಾಗಿ ಆಡಿದ್ರಿ ಟೈಲರೇ,” ಅಂದರು ಅವರು. “ಎರಡು ಎಲೆ ಕೈಕೊಟ್ವು,” ಅಂದ ಮಾವ.

ಫೈನಲ್‌ಗೆ ಅತ್ತೆ ಎರಡು ಪ್ಯಾಕ್‌ಗಳನ್ನು ಬೇರೆ ಮಾಡಿ ಒಂದನ್ನು ಎತ್ತಿಟ್ಟಳು. ಉಳಿದ ಒಂದನ್ನು ಎಣಿಸಿದಳು. ಚಿಪ್ಸ್‌ಗಳನ್ನು ಇಬ್ಬರಿಗೂ ನೂರ ಅರವತ್ತರಂತೆ ಹಂಚಿದಳು. ನಿಯಮ ಹೇಳಬೇಕಿತ್ತು, ಪ್ರತಿ ವರ್ಷ ಹೇಳುತ್ತಿದ್ದುದೇ. “ಡೀಲ್ಸ್. ಎರಡು ಕೈ. ಸೋತೋರ ಪಾಯಿಂಟಿನಷ್ಟು ಚಿಪ್ಸ್ ಗೆದ್ದೋರಿಗೆ. ಈ ಆಟದಲ್ಲಿ ಡ್ರಾಪ್ ಇಲ್ಲ.” ಇಷ್ಟು ಹೇಳುವಾಗ ಆಕೆಯ ಕಣ್ಣು ಮೇಜಿನ ಅಂಚಿನಲ್ಲೇ ಇತ್ತು. ಬೆಂಚಿನಲ್ಲಿ ಮಾವ ಕೂತ ಕಡೆ ಒಂದು ಸಲವೂ ಹೋಗಲಿಲ್ಲ. ಬೆಳಗ್ಗೆ ನೋಡದೆ ಇದ್ದದ್ದು ಬೇರೆಯವರಿಗೆ ಹೆದರಿ. ಈಗ ನೋಡಲಾಗದೆ ಇದ್ದದ್ದು ಅವನಿಗೇ ಹೆದರಿ.

“ಅಮ್ಮಾ,” ಮೇಷ್ಟ್ರು ಕೇಳಿದರು, “ಒಂದೇ ಪ್ಯಾಕ್ ಅಂದ್ಮೇಲೆ ಅವಳಿಗಳ ಕಾಟ ಇರಲ್ಲ ಅಲ್ವಾ?”

“ಇರಲ್ಲ ಮೇಷ್ಟ್ರೇ,” ಅಂದಳು ಅತ್ತೆ. “ಆದ್ರೂ ನಾನು ತಪ್ಪು ಹೇಳಿದ್ರೆ ಸುಮ್ನೆ ಕೂರ್ಬೇಡಿ. ಆಗಲೇ ಹೇಳಿ. ಯಾರು ಬೇಕಾದ್ರೂ ಹೇಳಿ.”

ಆಕೆ ಎಲೆ ಹಂಚುವಂತೆ ಲೈನ್‌ಮನ್‌ಗೆ ಸನ್ನೆ ಮಾಡಿ, ಹಲಗೆಯ ಪಕ್ಕದಲ್ಲಿ ಹೋಗಿ ನಿಂತಳು.